ಮೊದಲ ಮೂರು ಹೆಜ್ಜೆ

ನಮ್ಮ ರೂಪಳನ್ನು ನೋಡಲು ಊರಿಗಾಂನಿಂದ ಗಂಡಿನ ಕಡೆಯವರು ಬಂದ ದಿನ, ಅವಳ ದಪ್ಪ ಚಪ್ಪಲಿಯನ್ನು ರಾಗಿ ಡ್ರಮ್ಮಿನ ಹಿಂದೆ ಬಚ್ಚಿಟ್ಟವಳು ನಾನೇ. ಮದುವೆ ಕುದುರಿಸುವುದರಲ್ಲಿ ಅವಳ ಸೋದರತ್ತೆಯಾದ ಈ ಸೊಣ್ಣಮ್ಮನದು ಎತ್ತಿದ ಕೈ ಅಂತ ಬಂಗಾರಪೇಟೆಯಲ್ಲಿ ಮಾತಿದೆ. ಆ ಮಾತನ್ನು ಹಬ್ಬಿಸಿದವಳೂ ನಾನೇ ಅನ್ನಿ.

ರೂಪ ಬಜಾರಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಸೀರೆಗೆ ಗಾದಿ ಉಂಟು, ಗಿರಾಕಿಗೆ ಕುರ್ಚಿ ಉಂಟು, ತೋರಿಸುವ ಹುಡುಗಿಗೆ ಮಾತ್ರ ಟೈಲ್ಸ್ ನೆಲ. ಒಂಬತ್ತು ಗಂಟೆ ನಿಂತೇ ಇರಬೇಕು. ಏಳು ವರ್ಷ ಅವಳು ನಿಂತದ್ದು ಹವಾಯಿ ಚಪ್ಪಲಿಯ ಮೇಲೆ. ಹಿಮ್ಮಡಿಯ ಕಡೆ ಸವೆದು ಹಪ್ಪಳವಾದರೂ ಬಿಸಾಕುತ್ತಿರಲಿಲ್ಲ. ನಮ್ಮವರು ಚಪ್ಪಲಿ ಬದಲಾಯಿಸುವುದು ಉಂಗುಷ್ಠ ಕಿತ್ತಾಗ, ಅದೂ ಪಿನ್ನು ಹಾಕಿ ನೋಡಿದ ಮೇಲೆ.

ಯುಗಾದಿ ಕಳೆದ ಮೇಲೆ ಶುರುವಾಯಿತು. ಬೆಳಿಗ್ಗೆ ಎದ್ದು ಕಾಲಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ನೋವು. ನಾಲ್ಕು ಹೆಜ್ಜೆ ನಡೆದರೆ ಸಡಿಲ. ಕೂತು ಎದ್ದರೆ ಮತ್ತೆ ಅದೇ. ನೋಯುವ ಕಾಲನ್ನು ಉಳಿಸಲು ಒಂದೇ ಪಕ್ಕಕ್ಕೆ ವಾಲಿ ನಿಂತು ನಡುವೂ ಹಿಡಿದುಕೊಂಡಿತು. ನಾನು ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ತುಳಿಸಿದೆ. ಗಂಟೆಹೊತ್ತು ಹಾಯೆನಿಸಿತು, ಮತ್ತೆ ಅದೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಕೊನೆಗೆ ಡಾಕ್ಟರ್ ಚಂದನ ಎಂಬಾಕೆ ಅಂಗಾಲನ್ನು ಒತ್ತಿ ನೋಡಿ ಹೇಳಿದರು: "ಹಿಮ್ಮಡಿಯಿಂದ ಬೆರಳಿನ ತನಕ ಒಂದು ಗಟ್ಟಿ ಪಟ್ಟಿ ಇದೆ. ಅದು ಎಳೆದು ಎಳೆದು ನೊಂದಿದೆ. ಈ ಚಪ್ಪಲಿಯಲ್ಲಿ ಹಿಮ್ಮಡಿಗೆ ಮೆತ್ತೆ ಇಲ್ಲ, ಪಾದದ ಕಮಾನಿಗೆ ಆಸರೆ ಇಲ್ಲ, ಕಳಚದ ಹಾಗೆ ಬೆರಳಲ್ಲೇ ಕಚ್ಚಿ ಹಿಡಿದು ನಡೀತೀರಿ." ದಪ್ಪ ಅಟ್ಟೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಬೇಕು, ಮನೆಯೊಳಗೂ ಬರಿಗಾಲು ಬೇಡ, ಗೋಡೆಗೆ ಕೈಕೊಟ್ಟು ದಿನಾ ಮೀನಖಂಡ ಎಳೆಯಬೇಕು, ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು ಎಂದರು. ರೂಪ ಅಂಥದ್ದೇ ಒಂದು ಜೊತೆ ಕೊಂಡಳು.

ಅಷ್ಟರಲ್ಲಿ ಈ ಸಂಬಂಧ ಬಂತು. ಹುಡುಗ ಗೋಪಿನಾಥ್ ಒಮ್ಮೆ ತಾಯಿಯ ಜೊತೆ ಸೀರೆಗೆ ಬಂದಿದ್ದ. ಎರಡನೇ ಸಲ ತಾಯಿಯೂ ಇಲ್ಲದೆ, ಸೀರೆಯೂ ಬೇಕಿಲ್ಲದೆ ಬಂದ. ಹಿಂದೆ ಇಬ್ಬರನ್ನು ಬೇಡವೆಂದಿದ್ದ ರೂಪ ನನ್ನ ಕೈ ಹಿಡಿದು, "ಅತ್ತೇ, ಇದೊಂದು ಕೆಡಿಸ್ಬೇಡ" ಎಂದಳು.

ಕೆಡಿಸುವುದೇ? ನಾನೇ? ಪೋಲೀಸರ ಬೂಟಿನಂಥ ಆ ಚಪ್ಪಲಿ ನೋಡಿದರೆ ಯಾರು ಹೆಣ್ಣು ಒಪ್ಪುತ್ತಾರೆ ಅಂತ ಅದನ್ನು ಬಚ್ಚಿಟ್ಟು, ಕಾಗದದಷ್ಟು ತೆಳುವಾದ ಜರಿ ಚಪ್ಪಲಿ ಕೊಟ್ಟು ಬೆಳಿಗ್ಗೆಯೆಲ್ಲ ಹೂವು ಹಣ್ಣಿಗೆ ಓಡಾಡಿಸಿದೆ. ಬಂದವರ ಮುಂದೆ ಚಾಪೆಯ ಮೇಲೆ ಕೂರಿಸಿದೆ. ಹುಡುಗನ ಅಪ್ಪ ವೆಂಕಟರಾಮಪ್ಪ ತಾನು ಕೊಂಡ ಎಮ್ಮೆಗಳ ಚರಿತ್ರೆ ಹೇಳುತ್ತಾ ಒಂದು ಗಂಟೆ ಎಳೆದರು.

"ಕಾಪಿ ತಗಂಬಾಮ್ಮ" ಎಂದೆ. ರೂಪ ಎದ್ದಳು. ಒಂದು, ಎರಡು, ಮೂರು ಹೆಜ್ಜೆ ಕುಂಟಿದಳು. ನಾಲ್ಕನೆಯದು ನೆಟ್ಟಗಾಯಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

"ಉಡ್ಗಿಗೆ ಕಾಲು ಊನಾನಾ?" ವೆಂಕಟರಾಮಪ್ಪನ ದನಿ ಏರಿತು. "ಎಮ್ಮೆ ತಗಳ್ಳೋವಾಗ್ಲೇ ನಡೆಸಿ ನೋಡ್ತೀನಿ ನಾನು. ನನ್ ಕಣ್ಣಿಗೆ ಮಣ್ಣೆರಚ್ತೀರಾ?"

ನಾಚಿಕೆ ಬಿಟ್ಟು ಎಲ್ಲವನ್ನೂ ಒದರಿದೆ: ಅಂಗಡಿ, ಹವಾಯಿ, ಡಾಕ್ಟರು, ಚಪ್ಪಲಿ ಬಚ್ಚಿಟ್ಟದ್ದು. ಅವರು ಕೈಯಾಡಿಸಿಬಿಟ್ಟರು. "ಚಪ್ಲೀಲಿ ಯಾರಾನ ಕುಂಟಾಯ್ತಾರಾ? ಎದ್ದೇಳೇ ಮುತ್ಯಾಲೂ, ಓಗಾನ."

ಹೆಂಡತಿ ಮುತ್ಯಾಲಮ್ಮ ಗೋಡೆ ಹಿಡಿದು ಎದ್ದರು. ಒಂದು ಹೆಜ್ಜೆ ಇಟ್ಟು ಹಲ್ಲು ಕಚ್ಚಿದರು. ಎರಡನೆಯದಕ್ಕೆ ಮಗನ ಹೆಗಲು ಬೇಕಾಯಿತು.

ಕಾಪಿ ತಟ್ಟೆ ಹಿಡಿದು ಬಂದ ರೂಪ ಅದನ್ನು ಕೆಳಗಿಟ್ಟು ಓಡಿದಳು. "ಅಮ್ಮಾ, ಕೂತ್ಕಳ್ಳಿ. ಏಳಕ್ ಮುಂಚೆ ಕಾಲ್ಬೆರಳು ಕೈಯಲ್ಲಿಡ್ಕೊಂಡು ಇಂಗೆ ನಿಮ್ ಕಡೀಕೆ ಎಳ್ಕಳ್ಳಿ. ಒಂದ್ರಿಂದ ಅತ್ತರ ಗಂಟ ಎಣಿಸಿ ಬಿಡಿ. ಎಷ್ಟ್ ದಿನದಿಂದ ಐತೆ?"

"ಮೂರು ವರ್ಷ ಕಣಮ್ಮ."

ಗೋಪಿನಾಥ್ ತಲೆ ತಗ್ಗಿಸಿದ. ವೆಂಕಟರಾಮಪ್ಪ, "ಏನೇ ಇದು, ನಂಗ್ ಯೋಳೇ ಇಲ್ಲ!" ಎಂದು ಹೆಂಡತಿಯ ಮೇಲೇ ರೇಗಿದರು.

ಮುತ್ಯಾಲಮ್ಮ ಕಾಲ್ಬೆರಳು ಎಳೆದುಕೊಂಡು ಕೂತಲ್ಲಿಂದಲೇ ಗಂಡನನ್ನು ನೋಡಿದರು.

"ದಿನಾ ಬೆಳಿಗ್ಗೆ ನಿಮ್ಮುಂದೇನೇ ಕುಂಟ್ಕೊಂಡು ಕಾಪಿ ತಂದ್ಕೊಡ್ತೀನಿ. ನಾನೇನು ಎಮ್ಮೆನಾ, ನಡೆಸಿ ನೋಡಾಕೆ? ಈ ಉಡ್ಗಿ ನಮ್ ಮನೇಗೆ ಬತ್ತಾಳೆ. ನಾನು ಯೋಳ್ತಿದೀನಿ."