ಕಡಿಮೆ ಉತ್ಪನ್ನದ ಬೀಗರು

ನಮ್ಮ ಮನೆಯವರು ಇಂಡಿ ಪುರಸಭೆಯ ಮೆಂಬರ್ ಆಗಿ ಎರಡು ವರ್ಷವಾದರೂ ಅವರನ್ನು ಹುಡುಕಿಕೊಂಡು ಒಳ್ಳೆಯ ಮಾತಿಗೆ ಯಾರೂ ಬಂದಿರಲಿಲ್ಲ. ಬಂದವರೆಲ್ಲ ಗಟಾರ ತುಂಬಿದೆ ಎಂದು ಬೈಯಲು ಬಂದವರೇ. ಅರವತ್ತೇಳನೆಯ ಇಸವಿಯ ದೀಪಾವಳಿಗೆ ಮೊದಲು ಮಾತ್ರ ದಿಲ್ಲಿ ಸರಕಾರವೇ ಅವರಿಗೊಂದು ಬೆಲೆ ತಂದುಕೊಟ್ಟಿತು.

ನಮ್ಮೂರಲ್ಲಿ ನಾಲ್ವರು ಪಾಲುದಾರರ ಹತ್ತಿ ದಲಾಲಿಯ ಅಡತಿ ಅಂಗಡಿಯೊಂದಿತ್ತು. ಸುತ್ತಲಿನ ರೈತರು ಕೈಯಲ್ಲಿ ಉಳಿದ ಹಣವನ್ನು ಅಲ್ಲಿ ಠೇವಣಿ ಇಡುತ್ತಿದ್ದರು. ದೀಪಾವಳಿಗೆ ಅಂಗಡಿಯ ಲೆಕ್ಕದ ವಹಿ ಬದಲಾಗುವಾಗ ಬಡ್ಡಿ ಜಮಾ ಆಗುತ್ತಿತ್ತು. ಆ ವರ್ಷ ಹೊಸ ಕಾಯ್ದೆ ಬಂತು. ಅಂಥ ಬಡ್ಡಿ ವರ್ಷಕ್ಕೆ ನಾನೂರು ರೂಪಾಯಿ ಮೀರಿದರೆ ಅಂಗಡಿಯವರೇ ತೆರಿಗೆ ಮುರಿದುಕೊಂಡು ಸರಕಾರಕ್ಕೆ ಕಟ್ಟಬೇಕು. ತೆರಿಗೆ ಬೀಳುವಷ್ಟು ಆದಾಯ ಇಲ್ಲದವರು ಬಡ್ಡಿ ಜಮಾ ಆಗುವ ಮೊದಲೇ ಹಾಗೆಂದು ಫಾರ್ಮು ಬರೆದುಕೊಟ್ಟರೆ ಮುರಿಯುವುದಿಲ್ಲ. ಆದರೆ ಸಹಿಯನ್ನು ಎಲ್ಲೆಂದರಲ್ಲಿ ಕುಳಿತು ಮಾಡುವಂತಿಲ್ಲ. ದೊಡ್ಡ ಸರಕಾರಿ ಅಧಿಕಾರಿಯೋ, ಬ್ಯಾಂಕಿನ ಮ್ಯಾನೇಜರೋ, ಪುರಸಭೆಯ ಮೆಂಬರೋ ಎದುರಿಗಿರಬೇಕು, ಅವರೂ ಸಾಕ್ಷಿ ಹಾಕಬೇಕು.

ನಮ್ಮವರು ಅಂದೇ ಹೊಸ ಪೆನ್ನು ಕೊಂಡರು. ಬೆಳಿಗ್ಗೆ ಎದ್ದು ರುಮಾಲು ಸುತ್ತಿ ಕಟ್ಟೆಯ ಮೇಲೆ ಕುಳಿತರೆ ಊಟಕ್ಕೂ ಏಳುತ್ತಿರಲಿಲ್ಲ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಲಗಾಮು ಎಂದು ನಾನು ಒಳಗೇ ಅಂದುಕೊಂಡೆ.

ಮೂರನೆಯ ದಿನ ತಾಂಬಾ ಹಳ್ಳಿಯಿಂದ ಶಂಕ್ರೆವ್ವ ಬಂದಳು. ಗಂಡ ತೀರಿಕೊಂಡ ಮೇಲೆ ಹೊಲ ಮನೆ ಎರಡನ್ನೂ ಒಬ್ಬಳೇ ಎಳೆದ ಹೆಂಗಸು. ಅವಳ ಮಗಳು ನೀಲವ್ವನನ್ನು ನಮ್ಮ ಮಗ ಸೋಮನಿಂಗನಿಗೆ ತಂದುಕೊಳ್ಳುವ ಮಾತು ಅರ್ಧ ಆಗಿತ್ತು. ನನ್ನ ಕಡೆಯಿಂದ ಪೂರ್ತಿಯೇ ಆಗಿತ್ತು ಅನ್ನಿ. ಆ ಹುಡುಗಿ ಒಮ್ಮೆ ನಮ್ಮಲ್ಲಿಗೆ ಬಂದಾಗ ನಮ್ಮವರು ತಾವು ಚುನಾವಣೆ ಗೆದ್ದ ಕಥೆಯನ್ನು ಮೂರನೆಯ ಸಲ ತೆಗೆದರು. ನೀಲವ್ವ ಸೆರಗು ಬಾಯಿಗೆ ಹಿಡಿದು ನನ್ನ ಕಡೆ ನೋಡಿದಳು. ಇಪ್ಪತ್ತೈದು ವರ್ಷ ಈ ಮನೆಯಲ್ಲಿ ನಾನು ಒಬ್ಬಳೇ ನಗು ನುಂಗಿದ್ದೇನೆ. ಸೊಸೆ ಅಂದರೆ ಇವಳೇ ಎಂದು ಆಗಲೇ ತೀರ್ಮಾನಿಸಿಬಿಟ್ಟೆ.

ಶಂಕ್ರೆವ್ವ ಫಾರ್ಮು ಮುಂದಿಟ್ಟಳು. ನಮ್ಮ ಕಡೆ ಉತ್ಪನ್ನ ಅಂದರೆ ಆದಾಯವೂ ಹೌದು, ಹೊಲದ ಬೆಳೆಯೂ ಹೌದು. ಗಂಟು ಬಿದ್ದದ್ದು ಅಲ್ಲೇ.

"ನಿಮ್ಮ ಉತ್ಪನ್ನ ಕಡಿಮಿ ಐತೇನ್ರಿ ಶಂಕ್ರೆವ್ವ?" ಎಂದರು ನಮ್ಮವರು.

"ಕಡಿಮಿ ಯಾಕ್ರಿ ಅಣ್ಣಾರ? ಹ್ವಾದ ವರ್ಷ ನೂರು ಚೀಲ ಜ್ವಾಳ ಬಂದಾವು. ಕುಸುಬಿ, ಕಡ್ಲಿ ಬ್ಯಾರೆ."

"ಹಂಗಾರ ಈ ಕಾಗದ ಸುಳ್ಳು."

"ಹೊಲದ್ದು ಇದರಾಗ ಹಿಡಿಯೂದಿಲ್ಲಂತ್ರಿ. ಅಂಗಡಿ ಮುನೀಮ ಬಸಂತರಾಯಪ್ಪ ಹೇಳ್ಯಾನ. ನನಗ ಹೊಲ ಬಿಟ್ರ ಈ ಬಡ್ಡಿ ಒಂದ ಐತಿ."

"ನೂರು ಚೀಲ ಬೆಳಿಯೂದು ಉತ್ಪನ್ನ ಅಲ್ಲಂದ್ರ ಮತ್ತೇನ್ರಿ? ಸರಕಾರ ಅಷ್ಟು ಹುಚ್ಚಲ್ಲ. ನಾಳೆ ನೋಡೂಣ."

ಒಳಗೆ ಬಂದು, ಹೊರಗೆ ಕಟ್ಟೆಗೂ ಕೇಳುವಂತೆ ನನಗೆ ನ್ಯಾಯ ಹೇಳಿದರು. "ಕಾಗದ ಖರೇ ಇದ್ರ ಅವರು ಬಡವರು, ಬೀಗತನ ಬ್ಯಾಡ. ಕಾಗದ ಸುಳ್ಳಿದ್ರ ಅವರು ಸುಳ್ಳರು, ಆಗೂ ಬ್ಯಾಡ."

ನನಗೆ ಮೈಯೆಲ್ಲ ಉರಿಯಿತು. ಕಾಯ್ದೆ ಗೊತ್ತಿಲ್ಲದವನು ಸುಮ್ಮನಿದ್ದರೆ ಚಂದ, ಪೆನ್ನು ಹಿಡಿದರೆ ಮನೆ ಹಾಳು. ಮಾತಾಡಿದರೆ ಹಟ ಹೆಚ್ಚಾಗುತ್ತದೆಂದು ಸುಮ್ಮನೆ ರೊಟ್ಟಿ ಬಡಿದೆ. ಶಂಕ್ರೆವ್ವನಿಗೆ ಬಡಿಸಿ, ಅಲ್ಲೇ ಉಳಿಸಿಕೊಂಡೆ. ಅವಳು ಎರಡು ರೊಟ್ಟಿ ಹೆಚ್ಚಿಗೆ ತಿಂದು ಮಲಗಿದಳು.

ಬೆಳಿಗ್ಗೆ ಅಂಗಡಿಯ ಲೆಕ್ಕ ಬರೆಯುವ ಮುನೀಮ ಬಸಂತರಾಯ ತಾನೇ ಬಂದ, ಕೈಯಲ್ಲೊಂದು ಫಾರ್ಮು.

"ಯಾರದಪ್ಪಾ ಇದು?" ಎಂದು ನಮ್ಮವರು ಪೆನ್ನಿನ ಟೋಪಿ ತೆಗೆದರು.

"ನಿಮ್ಮದ ರೀ ಮೆಂಬರ್ರ. ನಿಮ್ಮ ಠೇವಣಿ ಬಡ್ಡಿನೂ ನಾನೂರು ದಾಟತೈತಿ. ನಾಳೆ ಜಮಾ ಮಾಡತೇವಿ. ಫಾರ್ಮು ಬರಲಿಲ್ಲಂದ್ರ ಮುರೀಬೇಕಾಗತೈತಿ."

"ಮುರಕೋ. ನಾ ಏನ ಬಡವ ಅದೇನೇನು?"

"ನಿಮ್ಮದೂ ಹೊಲ ಬಿಟ್ರ ಬಡ್ಡಿ ಅಷ್ಟ ಅಲ್ರಿ? ತೆರಿಗಿ ಬೀಳೂದಿಲ್ಲ. ಒಮ್ಮಿ ಮುರದ್ವಿ ಅಂದ್ರ ವಾಪಸ ತಗೊಳ್ಳಾಕ ವಿಜಾಪುರದ ಇನ್‌ಕಮ್ ಟ್ಯಾಕ್ಸ್ ಆಫೀಸಿಗೆ ಕಾಗದ ಹಾಕಿ ಅಡ್ಡಾಡಬೇಕ್ರಿ."

ವಿಜಾಪುರದ ಬಸ್ಸಿನ ಹೆಸರು ಕೇಳಿದರೇ ನಮ್ಮವರಿಗೆ ಸೊಂಟ ಹಿಡಿಯುತ್ತದೆ. ಮೆಲ್ಲಗೆ ಫಾರ್ಮು ಎಳೆದುಕೊಂಡು ಸಹಿಯ ಜಾಗ ಹುಡುಕಿದರು. ಕೆಳಗೆ ಸಾಕ್ಷಿಯ ಜಾಗವೂ ಖಾಲಿ ಕಂಡಿತು. ಎರಡನ್ನೂ ತಾವೇ ತುಂಬುವ ಹವಣಿಕೆ ಅವರದು.

"ನಿಮ್ಮ ಸಹಿಗೆ ನೀವ ಸಾಕ್ಷಿ ಆಗಾಕ ಬರೂದಿಲ್ರಿ" ಎಂದ ಬಸಂತರಾಯ.

ಹಬ್ಬದ ಮುನ್ನಾದಿನ, ಅಧಿಕಾರಿಗಳು, ಬ್ಯಾಂಕಿನವರು ಎಲ್ಲ ತಮ್ಮ ತಮ್ಮ ಊರಿಗೆ ಹೋಗಿದ್ದರು. ಹತ್ತಿರದಲ್ಲಿ ಉಳಿದವನು ಹಿಂದಿನ ಓಣಿಯ ಕಾಸಿಂಸಾಬ, ಅವನೂ ಮೆಂಬರ್. ನಲ್ಲಿ ಯಾವ ಓಣಿಗೆ ಎಂಬ ಜಗಳದಲ್ಲಿ ಇವರಿಬ್ಬರಿಗೆ ಆರು ತಿಂಗಳಿಂದ ಮಾತಿರಲಿಲ್ಲ. ನಮ್ಮವರು ಏನಾದರೂ ಅನ್ನುವ ಮೊದಲೇ ನಾನು ಹಿತ್ತಲ ಗೋಡೆಯಿಂದ ಕೂಗಿದೆ. "ಕಾಸಿಂ ಅಣ್ಣಾ, ನಮ್ಮವರು ಕರೀತಾರ, ಜರಾ ಬರ್ರಿ."

ಕಾಸಿಂಸಾಬ ಶೇರವಾನಿ ತೊಟ್ಟೇ ಬಂದ. ಕುಳಿತು, ಚಹಾ ಕುಡಿದು, ಕನ್ನಡಕ ಒರೆಸಿಕೊಂಡು, ಓಣಿಗೆಲ್ಲ ಕೇಳುವಂತೆ ಫಾರ್ಮಿನ ಅರ್ಥ ಬಿಡಿಸಿದ.

"ಸಿದ್ದರಾಯಪ್ಪಾ, ನಿನ್ನ ಉತ್ಪನ್ನ ತೆರಿಗಿ ಬೀಳೂವಷ್ಟು ಇಲ್ಲಂತ ಬರದೈತಿ. ಖರೇನೇನು?"

"ಖರೇ" ಎಂದರು ನಮ್ಮವರು, ನೆಲ ನೋಡಿಕೊಂಡು.

"ಕೇಳಲಿಲ್ಲಪಾ. ಸಾಕ್ಷಿ ಹಾಕಾಂವ ನಾನು."

"ಖರೇ ಐತಿ ಅಂದ್ನಲ್ಲ."

ಸಹಿಯಾಯಿತು, ಸಾಕ್ಷಿಯಾಯಿತು. ಆಗ ಶಂಕ್ರೆವ್ವ ಗಂಟು ಹಿಡಿದು ಹೊರಗೆ ಬಂದಳು.

"ಯಕ್ಕಾ, ನಾ ಬಸ್ಸಿಗೆ ಹೊಂಡತೇನಿ" ಎಂದಳು ನನಗೆ. "ನನ್ನ ಕಾಗದ ಕಾಸಿಂ ಅಣ್ಣಾರ ಮುಂದ ಮಾಡತೇನಿ. ನೀಲವ್ವನ ಮಾತು ಮಾತ್ರ ಇನ್ನೊಮ್ಮಿ ವಿಚಾರ ಮಾಡಬೇಕು. ಇಷ್ಟು ಬಡವರ ಮನಿಗೆ ಹೆಣ್ಣು ಹ್ಯಾಂಗ ಕೊಡಲಿ?"

ಆಟವೋ ಖರೆಯೋ ಅವಳ ಮುಖದಲ್ಲಿ ತಿಳಿಯಲಿಲ್ಲ. ನೀಲವ್ವ ಕೈತಪ್ಪಿದಳು ಅಂತಲೇ ಅಳು ಬಂತು.

ನಮ್ಮವರು ಕಟ್ಟೆಯಿಂದ ಇಳಿದೇಬಿಟ್ಟರು. "ಹಂಗಲ್ಲವ್ವಾ. ಹೊಲದ್ದು ಇದರಾಗ ಹಿಡಿಯೂದಿಲ್ಲ. ಹೊಲದ ಉತ್ಪನ್ನಕ್ಕ ಈ ತೆರಿಗಿನ ಇಲ್ಲ. ನಮ್ಮ ಹೊಲ ನೀವ ನೋಡೀರಿ."

"ಚೀಲಗಟ್ಲೆ ಬೆಳಿಯೂದು ಉತ್ಪನ್ನ ಅಲ್ಲಂದ್ರ ಮತ್ತೇನ್ರಿ ಅಣ್ಣಾರ?" ಎಂದಳು ಶಂಕ್ರೆವ್ವ. "ಸರಕಾರ ಅಷ್ಟು ಹುಚ್ಚಲ್ಲ."

ಬಸಂತರಾಯ ಕೆಮ್ಮಿದ. ನಮ್ಮವರು ಪೆನ್ನಿನ ಟೋಪಿ ಮುಚ್ಚಿದರು, ಮತ್ತೆ ತೆಗೆದರು. ಆಮೇಲೆ ಕೈ ಚಾಚಿದರು. "ನಿಮ್ಮ ಕಾಗದ ಕೊಡ್ರಿ. ನನ್ನ ಮುಂದ ಸಹಿ ಮಾಡ್ರಿ. ನಿನ್ನೆ ನಂದ ತಪ್ಪಾತು."

ಶಂಕ್ರೆವ್ವ ಕಾಗದವನ್ನು ಬಿಡಲಿಲ್ಲ. "ಮದಲ ಸೋಮನಿಂಗನ ಮಾತು ಹೇಳ್ರಿ. ಸಾಕ್ಷಿನೂ ಅದಾರ."

"ಸೊಸಿ ನೀಲವ್ವನ. ಆತಲ್ಲ?"

"ಇದಕ್ಕೂ ನಾನ ಸಾಕ್ಷಿ" ಎಂದ ಕಾಸಿಂಸಾಬ. ಶಂಕ್ರೆವ್ವ ಕಾಗದ ಮುಂದಿಟ್ಟಳು, ನಾನು ಒಳಗೆ ಓಡಿ ಬೆಲ್ಲ ತಂದೆ.

ಈಗ ಪ್ರತಿ ದೀಪಾವಳಿಗೆ ಫಾರ್ಮು ಹಿಡಿದು ಬಂದವರಿಗೆಲ್ಲ ನಮ್ಮವರು ಒಂದು ಕಥೆ ಹೇಳುತ್ತಾರೆ. ಹೊಲದ ಉತ್ಪನ್ನ ಈ ಲೆಕ್ಕಕ್ಕಿಲ್ಲ ಎಂಬುದು ಈ ಊರಲ್ಲಿ ಯಾರಿಗೂ ತಿಳಿದಿರಲಿಲ್ಲ, ತಾನೇ ಎಲ್ಲರಿಗೂ ಬಿಡಿಸಿ ಹೇಳಿದೆ, ಪಾಪ ಆ ಶಂಕ್ರೆವ್ವನಿಗೂ, ಎಂದು. ಅಷ್ಟು ಹೊತ್ತಿಗೆ ಚಹಾ ತಂದ ನೀಲವ್ವ ಸೆರಗು ಬಾಯಿಗೆ ಹಿಡಿದು ನನ್ನ ಕಡೆ ನೋಡುತ್ತಾಳೆ.