ಭಾನುವಾರದ ಮುಖ

ಪಾರ್ಲರ್ ನಡೆಸುವವಳ ಮುಖವೇ ಕೆಟ್ಟರೆ ಜನ ಆಡಿಕೊಳ್ಳದೆ ಬಿಡುತ್ತಾರೆಯೇ? ಮನೆಯ ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಉದ್ದ ಕನ್ನಡಿ ಇಟ್ಟುಕೊಂಡು ಬೀದಿಯ ಹೆಂಗಸರ ಮುಖವನ್ನೆಲ್ಲ ತಿದ್ದುತ್ತಿದ್ದ ಅವಳ ಕೆನ್ನೆ, ಗಲ್ಲಗಳ ಮೇಲೆ ಕೆಂಪು ಗುಳ್ಳೆಗಳೆದ್ದು ಉರಿಯತೊಡಗಿದಾಗ, ಅವಳು ಮಾಸ್ಕ್ ಹಾಕಿಕೊಂಡು, ಪರಿಚಯದವರ್‍ಯಾರೂ ಓಡಾಡದ ಬಡಾವಣೆಯ ಚರ್ಮದ ಡಾಕ್ಟರನ್ನು ಹುಡುಕಿಕೊಂಡು ಹೋದಳು.

ಡಾಕ್ಟರಮ್ಮ ಒಂದು ಮೃದುವಾದ ಫೇಸ್‌ವಾಶ್, ಒಂದು ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್ ಬಿಟ್ಟು ಮಿಕ್ಕಿದ್ದನ್ನೆಲ್ಲ ನಿಲ್ಲಿಸಲು ಹೇಳಿದರು. "ಒಂದು ಡೈರಿ ಇಡಿ. ಮುಖಕ್ಕೆ, ತಲೆಗೆ, ಕೈಗೆ ಏನೇ ಹಚ್ಚಿದ್ರೂ ಬರೀರಿ. ಹಿಂದೆ ಹಚ್ಚುತ್ತಿದ್ದದ್ದನ್ನೂ ಬರೀರಿ. ವಾರಕ್ಕೊಂದು ಸಲ ಫೋಟೊ ತೆಗೀರಿ, ಅದೇ ಕಿಟಕಿ, ಅದೇ ಹೊತ್ತು, ಅಷ್ಟೇ ದೂರ. ತೊಳೆದ ಮುಖ, ಮೇಲೆ ಏನೂ ಇರಬಾರ್ದು. ಎದುರಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೊ. ಫೋನಲ್ಲಿ ಮುಖ ನುಣುಪು ಮಾಡೋ ಸೆಟ್ಟಿಂಗ್ ಇರುತ್ತಲ್ಲ, ಅದನ್ನ ಆಫ್ ಮಾಡ್ಬಿಡಿ. ದಿನಾ ಕನ್ನಡಿ ನೋಡಿ ಅಳೆಯೋಕೆ ಹೋಗ್ಬೇಡಿ, ಕನ್ನಡಿ ದಿನಕ್ಕೊಂದು ಹೇಳುತ್ತೆ. ಮುಖ ಶಾಂತ ಆದ್ಮೇಲೆ ಒಂದೊಂದೇ ವಸ್ತು ವಾಪಸ್ ತರೋಣ, ಒಂದಕ್ಕೂ ಇನ್ನೊಂದಕ್ಕೂ ಎರಡು ವಾರ ಬಿಟ್ಟು. ಯಾವುದು ನಿಮ್ಮ ಚರ್ಮಕ್ಕೆ ಆಗಲ್ಲ ಅಂತ ಆಗ ಗೊತ್ತಾಗುತ್ತೆ."

ಫೋಟೊ ತೆಗೆಯುವ ಕೆಲಸ ನಾದಿನಿಯ ಪಾಲಿಗೆ ಬಂತು. ಕಾಲೇಜು ಮುಗಿಸಿ ಕೆಲಸದ ಸಂದರ್ಶನಗಳಿಗೆ ತಿರುಗುತ್ತಿದ್ದ, ನಾಲಿಗೆ ತುಸು ಚುರುಕಾದ ಹುಡುಗಿ. ಭಾನುವಾರ ಬೆಳಗ್ಗೆ ಅತ್ತಿಗೆ ಮೊದಲು ನಾದಿನಿಯನ್ನು ಕಿಟಕಿಯ ಪಕ್ಕ ಕೂರಿಸಿ, ಬೆಳಕು ಸರಿಯಿದೆಯೋ ನೋಡಲು ಅವಳದೊಂದು ಫೋಟೊ ತೆಗೆಯುತ್ತಿದ್ದಳು. ಆಮೇಲೆ ಜಾಗ ಅದಲುಬದಲು.

"ಮಂಗಳವಾರ, ತಲೆಗೆ ಎಣ್ಣೆ. ಬುಧವಾರ, ದಿಂಬಿನ ಕವರ್ ಬದಲಿಸಲಿಲ್ಲ." ನಾದಿನಿ ಡೈರಿ ತಿರುವುತ್ತ ಓದಿದಳು. "ಅತ್ತಿಗೆ, ಅಣ್ಣ ಬೈದ್ರೆ ಮುಖ ಕೆಂಪಾಗುತ್ತಲ್ಲ, ಅದನ್ನೂ ಬರೀಬೇಕಾ?"

"ಬಾಯಿ ಮುಚ್ಕೊಂಡು ಫೋಟೊ ತೆಗಿಯೇ."

ಎಲ್ಲ ಬರೆಯುತ್ತಿದ್ದವಳು ಒಂದನ್ನು ಮಾತ್ರ ಬರೆದಿರಲಿಲ್ಲ. ಅದು ಅವಳದೇ ಕ್ರೀಮು. ಗಿರಾಕಿಗಳ ಪಾಲಿಗೆ ಅದು ಮನೆಯಲ್ಲೇ ಅರೆದ ಗಿಡಮೂಲಿಕೆ. ಅಸಲಿಗೆ ಸಗಟು ಮಾರುವವನೊಬ್ಬ ದೊಡ್ಡ ಡಬ್ಬದಲ್ಲಿ ತಂದುಕೊಡುತ್ತಿದ್ದ, ಮೇಲೆ ಹೆಸರೂ ಇಲ್ಲ, ಒಳಗೇನಿದೆಯೆಂಬ ಚೀಟಿಯೂ ಇಲ್ಲ. ಅವಳು ಪುಟ್ಟ ಡಬ್ಬಿಗಳಿಗೆ ತುಂಬಿ ಎಲೆಯ ಚಿತ್ರದ ಸ್ಟಿಕ್ಕರ್ ಅಂಟಿಸುತ್ತಿದ್ದಳು. ಹಚ್ಚಿದ ವಾರದಲ್ಲೇ ಮುಖ ಬೆಳ್ಳಗೆ, ನುಣ್ಣಗೆ. ತಾನೂ ವರ್ಷದಿಂದ ಹಚ್ಚಿದ್ದಳು. ಬರೆದರೆ ಡಾಕ್ಟರು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ. ಹೇಗೂ ನಿಲ್ಲಿಸಿದೆನಲ್ಲ, ಬರೆಯುವುದೇನಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನಿಲ್ಲಿಸಿದ್ದೇ ತಡ, ಮುಖ ಬೆಂಕಿಯಾಯಿತು. ಎರಡನೆಯ ಭಾನುವಾರದ ಫೋಟೊ ಮೊದಲನೆಯದಕ್ಕಿಂತ ಭೀಕರವಾಗಿತ್ತು. ನಾದಿನಿ ಫೋನನ್ನು ಬೋರಲಾಗಿ ಇಟ್ಟಳು. ಚುಡಾಯಿಸಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅತ್ತಿಗೆ ಶುಕ್ರವಾರ, ಶನಿವಾರ ಮಲಗುವ ಮುಂಚೆ ಅದೇ ಕ್ರೀಮನ್ನು ತೆಳ್ಳಗೆ ಸವರಿಕೊಳ್ಳತೊಡಗಿದಳು. ಭಾನುವಾರ ಬೆಳಗ್ಗೆ ಕೆಂಪು ಇಳಿದಿರುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಫೋಟೊದಲ್ಲಿ ಇಲ್ಲದ್ದು ಮುಖದಲ್ಲೂ ಇಲ್ಲವೆಂದೇ ಅವಳು ನಂಬಿದಳು.

ಅದೇ ದಿನಗಳಲ್ಲಿ ನಾದಿನಿ ಕೆನ್ನೆ ಉರಿಯುತ್ತದೆಂದು ಒಂದೆರಡು ಸಲ ಹೇಳಿದ್ದುಂಟು. "ಬಿಸಿಲಲ್ಲಿ ಅಲೀತೀಯ, ಬಂದು ಮುಖ ತೊಳೆಯೋಕೂ ಸೋಮಾರಿತನ. ಇನ್ನೇನಾಗುತ್ತೆ?" ಎಂದಿದ್ದಳು ಅತ್ತಿಗೆ. ಹುಡುಗಿ ಸಂದರ್ಶನಗಳಿಗೆ ಹೊಳೆಯುವ ಮುಖದಲ್ಲಿ ಹೋಗಲೆಂದು ಆ ಕ್ರೀಮಿನ ಡಬ್ಬಿ ಕೊಟ್ಟವಳು ತಾನೇ ಎಂಬುದು ಆಗ ನೆನಪಿಗೆ ಬರಲಿಲ್ಲ. ಅಥವಾ ಬಂದರೂ ಅವಳು ಅದನ್ನು ಹತ್ತಿರ ಸೇರಿಸಲಿಲ್ಲ.

ಮೂರು ತಿಂಗಳು ಕಳೆದು ಮತ್ತೆ ಡಾಕ್ಟರನ್ನು ಕಂಡದ್ದು ಒಂದು ಗುರುವಾರ. ಡಾಕ್ಟರಮ್ಮ ಫೋಟೊಗಳನ್ನು ನೋಡಿದರು, ಎದುರಿದ್ದ ಮುಖ ನೋಡಿದರು, ಮತ್ತೆ ಫೋಟೊ ನೋಡಿದರು.

"ಭಾನುವಾರ ಮಾತ್ರ ಚೆನ್ನಾಗಿರೋ ಕಾಯಿಲೆ ನಾನು ಓದಿಲ್ಲ," ಎಂದರು. ನಗಲಿಲ್ಲ. "ಏನು ಬರೆದಿಲ್ಲ?"

ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. ಡಾಕ್ಟರಮ್ಮ ಕಾಯುತ್ತ, ಫೋನಿನ ಪರದೆಯನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದರು. ಬೆರಳು ನಿಂತಿತು.

"ಇದ್ಯಾರು?"

"ನಮ್ಮ ನಾದಿನಿ. ಬೆಳಕು ನೋಡೋಕೆ ಅಂತ ಅವಳದೂ ಒಂದು..."

ಡಾಕ್ಟರಮ್ಮ ಫೋನನ್ನು ಅವಳ ಕಡೆ ತಿರುಗಿಸಿ, ನಾದಿನಿಯ ಫೋಟೊಗಳನ್ನಷ್ಟೇ ಒಂದೊಂದಾಗಿ ದಾಟಿಸಿದರು. ಅದೇ ಕಿಟಕಿ, ಅದೇ ಹೊತ್ತು, ಅಷ್ಟೇ ದೂರ. ಮೊದಲ ವಾರಗಳಲ್ಲಿ ಹಾಲಿನ ಹಾಗೆ ಹೊಳೆದ ಮುಖ. ಆಮೇಲೆ ಕೆನ್ನೆಯಲ್ಲಿ ತಿಳಿಗೆಂಪು. ಆಮೇಲೆ ಆ ಕೆಂಪಿನೊಳಗೆ ದಾರದೆಳೆಯಂಥ ರಕ್ತನಾಳಗಳು, ಕಿವಿಯ ಮುಂದೆ ಎಳೆಗೂದಲು, ಬಾಯಿಯ ಸುತ್ತ ಸಣ್ಣ ಗುಳ್ಳೆ. ಕೊನೆಯದರಲ್ಲಿ ಹುಡುಗಿ ಮುಖವನ್ನು ಸ್ವಲ್ಪ ಓರೆ ಮಾಡಿಕೊಂಡಿದ್ದಳು. ವಾರವಾರವೂ ಈ ಫೋಟೊ ತೆಗೆದದ್ದು ತಾನು. ನೋಡಿದ್ದು ಮಾತ್ರ ಬೆಳಕನ್ನು.

"ಇವರೂ ಅದನ್ನೇ ಹಚ್ತಿದ್ದಾರೆ ಅಲ್ವಾ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು, ಎಲೆಯ ಸ್ಟಿಕ್ಕರನ್ನೂ ಸೇರಿಸಿ.

"ಅದರಲ್ಲಿ ಸ್ಟೀರಾಯ್ಡ್ ಇರೋ ಹಾಗೆ ಕಾಣುತ್ತೆ. ಮೊದಲು ಚೆನ್ನಾಗಿ ಕಾಣಿಸುತ್ತೆ, ಆಮೇಲೆ ಚರ್ಮ ತೆಳುವಾಗುತ್ತೆ. ಬಿಟ್ರೆ ಉರಿ, ಉರಿಗೆ ಹೆದರಿ ಮತ್ತೆ ಹಚ್ಚೋದು. ನೀವು ಮಾಡಿದ್ದೂ ಅದೇ." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ನಾಳೆನೇ ಅವರನ್ನ ಕರ್ಕೊಂಡು ಬನ್ನಿ, ಡಬ್ಬಿನೂ ತನ್ನಿ. ಹೇಗೆ ಬಿಡಿಸ್ಬೇಕು ಅಂತ ನೋಡಿ ಹೇಳ್ತೀನಿ. ವಾಸಿಯಾಗುತ್ತೆ, ಆದ್ರೆ ತಿಂಗಳುಗಳು ಹಿಡಿಯುತ್ತೆ."

ಮನೆಗೆ ಬಂದಾಗ ನಾದಿನಿ ಪಾರ್ಲರಿನ ಟವೆಲುಗಳನ್ನು ಮಡಚುತ್ತಿದ್ದಳು. ಅತ್ತಿಗೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಕ್ಷಮಿಸು ಎಂಬುದೊಂದನ್ನು ಬಿಟ್ಟು. ನಾದಿನಿ ಕೈಯಲ್ಲಿದ್ದ ಟವೆಲನ್ನು ಪೂರ್ತಿ ಮಡಚಿಟ್ಟಳು.

"ನಾನು ಸರಿಯಾಗಿ ಮುಖ ತೊಳೀತಿಲ್ಲ ಅಂದ್ರಿ," ಎಂದಳು. "ನಾನು ದಿನಕ್ಕೆ ನಾಲ್ಕು ಸಲ ತೊಳೀತಿದ್ದೆ ಅತ್ತಿಗೆ. ಉರಿಯೋ ಮುಖವನ್ನ."

ಅತ್ತಿಗೆ ಉದ್ದ ಕನ್ನಡಿಗೆ ಬೆನ್ನು ಮಾಡಿ ನಿಂತಳು. ನೆಲ ಬಾಯ್ಬಿಟ್ಟು ನುಂಗಬಾರದೇ ಎನಿಸಿತು.

"ಇನ್ಯಾರ್‍ಯಾರಿಗೆ ಕೊಟ್ಟಿದೀರಿ?" ನಾದಿನಿ ಕೇಳಿದಳು.

ಅತ್ತಿಗೆ ಫೋನು ಕೈಗೆತ್ತಿಕೊಂಡಳು. ಮೊದಲು ಬ್ಯಾಂಕಿನ ಅಕ್ಕ. ಡಬ್ಬಿ ಮುಗಿಯುವ ಮುಂಚೆಯೇ ಇನ್ನೊಂದಕ್ಕೆ ಹೇಳಿಕಳಿಸುವವರು. ಡಬ್ಬಿಯಲ್ಲಿ ಏನೋ ದೋಷವಿದೆಯಂತೆ, ಡಾಕ್ಟರಿಗೆ ತೋರಿಸಿ ಅಕ್ಕ ಎಂದು ತಡವರಿಸಿದಳು. ಆ ಕಡೆಯಿಂದ ನಗು ಕೇಳಿತು.

"ಅಯ್ಯೋ, ನನಗೇನೂ ಆಗಿಲ್ಲ ಕಣೇ. ಆಫೀಸಲ್ಲಿ ಎಲ್ಲರೂ ನಿನ್ನ ಕೈಗುಣ ಅಂತಾರೆ. ಸುಮ್ನೆ ಹೆದರ್ತೀಯ. ಇನ್ನೆರಡು ಡಬ್ಬಿ ಎತ್ತಿಡು, ನನ್ನ ಮಗಳೂ ಕೇಳ್ತಿದಾಳೆ."

ದೋಷವಿದೆಯಂತೆ ಎಂಬಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಹೇಳಿದ್ದೆನಲ್ಲ, ಅವರೇ ಕೇಳಲಿಲ್ಲ ಎಂದು ಆಮೇಲೆ ನೆಮ್ಮದಿಯಿಂದ ಇರಬಹುದಿತ್ತು. ನಾದಿನಿ ಅವಳನ್ನೇ ನೋಡುತ್ತಿದ್ದಳು, ಮುಖವನ್ನು ಓರೆ ಮಾಡದೆ.

"ಅಕ್ಕ, ಅದು ಗಿಡಮೂಲಿಕೆ ಅಲ್ಲ," ಎಂದಳು. "ನಾನು ಮಾಡಿದ್ದೂ ಅಲ್ಲ. ಒಳಗೇನಿದೆ ಅಂತ ಗೊತ್ತಿಲ್ದೆ ಇಷ್ಟು ದಿನ ನಿಮಗೆ ಸುಳ್ಳು ಹೇಳಿ ಕೊಟ್ಟೆ. ಮಗಳಿಗೆ ಕೊಡಬೇಡಿ."

ನಗು ನಿಂತಿತು. ಆ ಕಡೆ ಫೋನನ್ನು ಇನ್ನೂ ಇಟ್ಟಿರಲಿಲ್ಲ. ಅವಳು ಕಿವಿಗೊತ್ತಿ ಹಿಡಿದುಕೊಂಡೇ ನಿಂತಳು.