ಅರ್ಥ ಬೇಡದ ಉತ್ತರ

ಇಂಗ್ಲಿಷ್ ಪಾಠದಲ್ಲಿ ತುಟಿ ಬಿಚ್ಚದ ಭಾನುಪ್ರಿಯ, ಪರೀಕ್ಷೆಯಲ್ಲಿ ಮೂಲ ಪದಕ್ಕೆ ಪ್ರತ್ಯಯ ಸೇರಿಸಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಬರೆದಿದ್ದಳು. ಬೈರಾಪಟ್ಟಣವೆಂಬ ಹಳ್ಳಿಯಿಂದ ಬರುವ ಈ ಹುಡುಗಿ ಕಾಪಿ ಹೊಡೆದಿದ್ದಾಳೆಂದು ಪ್ರತಿಮಾ ಮೇಡಂಗೆ ಗುಮಾನಿ. ಸ್ಟಾಫ್ ರೂಮಿಗೆ ಒಬ್ಬಳನ್ನೇ ಕರೆಸಿ, ಯಾವ ನಿಘಂಟಿನಲ್ಲೂ ಇಲ್ಲದ ಪದವೊಂದನ್ನು ತಾವೇ ಹುಟ್ಟಿಸಿ ಕೊಟ್ಟರು.

"ಹಿ ಸ್ಪೋಕ್ ಡ್ಯಾಶ್. ಮೂಲ ಪದ ಜಾರ್ನ್, ಗುಣವಾಚಕ. ತುಂಬು."

ಹುಡುಗಿ ತಡಮಾಡದೆ 'ಜಾರ್ನ್‌ಲಿ' ಎಂದು ಬರೆದಳು.

"ಹಂಗಂದ್ರೆ ಏನೇ?"

"ಗೊತ್ತಿಲ್ಲ ಮಿಸ್. ಸ್ಪೋಕ್ ಅನ್ನೋದು ಕ್ರಿಯಾಪದ ಅಲ್ವಾ? ಅದ್ರ ಪಕ್ಕ ಖಾಲಿ ಐತೆ, 'ಲಿ' ಹಾಕ್ಬುಟ್ಟೆ. ಅರ್ಥ ನೋಡ್ತಾ ಕೂತ್ರೆ ಟೈಮ್ ಸಾಲಲ್ಲ ಅಂತ ನೀವೇ ಹೇಳಿದ್ರಲ್ಲ?"

ಕಳ್ಳತನ ಸಿಗಲಿಲ್ಲ. ಮೇಜಿನ ಮೇಲೆ ಇಡೀ ತರಗತಿಯ ಉತ್ತರಪತ್ರಿಕೆಗಳ ಕಟ್ಟಿತ್ತು. ಪ್ರತಿಮಾ ಮೇಡಂಗೆ ಈಗ ಅದರೊಳಗಿನ ಒಂದೊಂದು ಸರಿಯುತ್ತರದ ಮೇಲೂ ಗುಮಾನಿ.